ಥೀಮ್ ತಾನಾಗಿ ಹೊರಹೊಮ್ಮುವುದಿಲ್ಲ

ಶಿಕ್ಷಣಶಾಸ್ತ್ರದ ಮಹಾಪ್ರಬಂಧಗಳ ಸಂಶೋಧನಾ ವಿಧಾನದ ಅಧ್ಯಾಯದಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ: ‘ಶಿಕ್ಷಕರ ಸಂದರ್ಶನಗಳನ್ನು ಬರಹಕ್ಕೆ ಇಳಿಸಿ ಕೋಡ್ ಮಾಡಲಾಯಿತು, ಅವುಗಳಿಂದ ಐದು ಥೀಮ್‌ಗಳು ಹೊರಹೊಮ್ಮಿದವು.’ ಅದರ ಹಿಂದೆಯೋ ಮುಂದೆಯೋ ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ ಅವರ 2006ರ ಲೇಖನದ ಉಲ್ಲೇಖವಿರುತ್ತದೆ, ಅವರು ಹೇಳಿದ ಆರು ಹಂತಗಳ ಪಟ್ಟಿಯಿರುತ್ತದೆ. ಅಲ್ಲಿಗೆ ಅಧ್ಯಾಯ ಮುಗಿದು ಫಲಿತಾಂಶ ಶುರುವಾಗುತ್ತದೆ. ಸಂಶೋಧಕರು ಕೂತು ಓದಿದ್ದು, ಗೊಂದಲಪಟ್ಟದ್ದು, ಒಂದು ಮಾತನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟದ್ದು, ಯಾವುದರ ಸುಳಿವೂ ಅಲ್ಲಿರುವುದಿಲ್ಲ.

ಆ ವಾಕ್ಯದಲ್ಲಿ ಕೆಲಸ ಮಾಡಿದವರೇ ಕಾಣೆಯಾಗಿದ್ದಾರೆ. ಸಂದರ್ಶನದ ಪುಟಗಳ ಒಳಗೆ ಥೀಮ್‌ಗಳು ಮೊದಲೇ ಇದ್ದು, ಯಾರು ಅಗೆದರೂ ಅವೇ ಸಿಗುತ್ತಿದ್ದವು ಎಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ. ಯಾರ ಹೆಸರನ್ನು ಆಧಾರವಾಗಿ ಕೊಡುತ್ತಾರೋ ಆ ಬ್ರೌನ್ ಮತ್ತು ಕ್ಲಾರ್ಕ್ ಅವರೇ ಈ ಮಾತನ್ನು ಮೊದಲಿನಿಂದಲೂ ವಿರೋಧಿಸಿದವರು. ಮುಂದೆ ತಮ್ಮ ವಿಧಾನಕ್ಕೆ ‘ರಿಫ್ಲೆಕ್ಸಿವ್’ ಎಂಬ ವಿಶೇಷಣ ಸೇರಿಸಿಕೊಂಡು, ಥೀಮ್‌ಗಳನ್ನು ‘ಹುಡುಕುವುದು’ ಎಂದಿದ್ದ ಮೂರನೇ ಹಂತವನ್ನು ‘ರೂಪಿಸುವುದು’ ಎಂದು ತಿದ್ದಿಕೊಂಡರು. ಥೀಮ್ ಎಂದರೆ ಸಂಶೋಧಕರು ಆಧಾರಸಹಿತ ಮುಂದಿಡುವ ಒಂದು ವಾದ. ಹಾಗೆ ಒಪ್ಪಿಕೊಂಡರೆ ವಿಧಾನದ ಅಧ್ಯಾಯದ ಹೊಣೆಯೂ ಬದಲಾಗುತ್ತದೆ. ಯಾವ ಹಂತಗಳನ್ನು ಅನುಸರಿಸಿದೆವು ಎಂಬ ಘೋಷಣೆ ಅಲ್ಲಿ ಸಾಲದು. ಈ ವಾದಕ್ಕೆ ಹೇಗೆ ಬಂದೆವು, ಎಲ್ಲಿ ಅದು ಮುರಿಯಬಹುದಿತ್ತು ಎಂಬುದನ್ನೂ ತೋರಿಸಬೇಕಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ನಲಿ-ಕಲಿ ತರಗತಿಗಳ ಶಿಕ್ಷಕಿಯರ ಸಂದರ್ಶನಗಳನ್ನೇ ತೆಗೆದುಕೊಳ್ಳುತ್ತೇನೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ಈ ಪದ್ಧತಿ 2009–10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹರಡಿತು. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ. ಕಲಿಕೆಯನ್ನು ಮೈಲಿಗಲ್ಲುಗಳಾಗಿ, ಕಾರ್ಡುಗಳಾಗಿ ಒಡೆದಿರುತ್ತಾರೆ. ಹೊಸದನ್ನು ಕಲಿಯುವ ಮಗು ಶಿಕ್ಷಕರ ಪೂರ್ಣ ನೆರವಿನ ಗುಂಪಿನಲ್ಲಿ ಕೂತು, ಮುಂದೆ ಗೆಳೆಯರ ನೆರವಿನ ಗುಂಪು, ಸ್ವಕಲಿಕೆಯ ಗುಂಪು ಹೀಗೆ ಸಾಗುತ್ತದೆ. ಮುಂದಿನ ಹೆಜ್ಜೆಗೆ ಬಂದಾಗ ಮತ್ತೆ ಶಿಕ್ಷಕರ ಬಳಿಗೆ ಬರುತ್ತದೆ. ಈ ವಿವರ ತಿಳಿಯದವರು ಮುಂದಿನ ಮಾತನ್ನು ತಪ್ಪಾಗಿ ಓದುವ ಸಾಧ್ಯತೆ ಹೆಚ್ಚು.

ಇಂಥ 14 ಶಿಕ್ಷಕಿಯರನ್ನು ಸಂದರ್ಶಿಸಿದ್ದಾರೆ ಎಂದುಕೊಳ್ಳೋಣ. ಅವರಲ್ಲೊಬ್ಬರ ಮಾತು ಹೀಗಿದೆ. (ಇದು ಈ ಲೇಖನಕ್ಕಾಗಿ ನಾನು ಕಟ್ಟಿದ ಮಾತು, ಯಾರ ಸಂದರ್ಶನದಿಂದಲೂ ತೆಗೆದದ್ದಲ್ಲ.)

“ಬೆಳಿಗ್ಗೆ ಗುಂಪು ಮಾಡಿ ಕೂರಿಸಿರ್ತೀನಿ ಮೇಡಂ. ಅಷ್ಟರಲ್ಲಿ ವಾಟ್ಸ್ಯಾಪ್ ಗ್ರೂಪಲ್ಲಿ ಮೆಸೇಜ್ ಬರುತ್ತೆ, ಹನ್ನೊಂದು ಗಂಟೆ ಒಳಗೆ ಮಾಹಿತಿ ಕಳ್ಸಿ ಅಂತ. ಕಳ್ಸಲೇಬೇಕು, ನಾವೇನು ಮಾಡೋಕಾಗುತ್ತೆ? ಓದ್ಕೊಳ್ಳೋ ಮಕ್ಕಳು ಅವರ ಪಾಡಿಗೆ ಕಾರ್ಡ್ ತಗೊಂಡು ಮಾಡ್ಕೋತಾರೆ. ನನ್ನ ಹತ್ರ ಕೂತಿರೋ ಆ ನಾಲ್ಕು ಮಕ್ಕಳು ಇದಾರಲ್ಲ, ಅವರು ಹಾಗೇ ಕೂತಿರ್ತಾರೆ. ಟೈಮೇ ಸಾಲಲ್ಲ.”

ಮೊದಲ ಸಲ ಓದುವವರು ಇದರ ಪಕ್ಕದಲ್ಲಿ ಸಾಮಾನ್ಯವಾಗಿ ಮೂರು ಕೋಡ್ ಬರೆಯುತ್ತಾರೆ: ‘ಸಮಯದ ಕೊರತೆ’, ‘ಬೋಧಕೇತರ ಕೆಲಸ’, ‘ಗುಂಪು ಕಲಿಕೆ’. ತಪ್ಪೇನೂ ಇಲ್ಲ, ಆದರೆ ಮೂರೂ ತಲೆಬರಹಗಳು. ಮಾತು ಯಾವುದರ ಬಗ್ಗೆ ಎಂದು ಹೇಳುತ್ತವೆ. ಏನು ಹೇಳಿತು ಎಂದು ಹೇಳುವುದಿಲ್ಲ. ಮೂಲ ಪುಟವನ್ನು ಮುಚ್ಚಿಟ್ಟು ಕೋಡ್‌ಗಳನ್ನಷ್ಟೇ ಓದಿದರೆ, ಈ ಶಿಕ್ಷಕಿ ನಲಿ-ಕಲಿಯಲ್ಲಿ ಸಮಯ ಉಳಿಯುತ್ತದೆ ಎಂದರೋ ಉಳಿಯುವುದಿಲ್ಲ ಎಂದರೋ ಗೊತ್ತಾಗದು. ಕೋಡ್ ಗಟ್ಟಿಯಾಗಿದೆಯೇ ಎಂದು ತಿಳಿಯಲು ನನಗೆ ಗೊತ್ತಿರುವ ಅತ್ಯಂತ ಸರಳವಾದ ಪರೀಕ್ಷೆ ಇದು. ಮೂಲವನ್ನು ಮುಚ್ಚಿದ ಮೇಲೂ ಆ ವ್ಯಕ್ತಿ ಹೇಳಿದ್ದು ಸ್ಥೂಲವಾಗಿಯಾದರೂ ಕೋಡ್‌ನಲ್ಲಿ ಉಳಿದಿರಬೇಕು.

ಎರಡನೇ ಓದಿನಲ್ಲಿ ಇದೇ ಮಾತಿಗೆ ಬೇರೆ ಕೋಡ್‌ಗಳು ಬರುತ್ತವೆ. ‘ತುರ್ತು ಮಾಹಿತಿಗಾಗಿ ಪಾಠ ಅರ್ಧಕ್ಕೆ ಬಿಡುವುದು’ ಒಂದು. ‘ಇಲ್ಲ ಎನ್ನಲಾಗದ ಆದೇಶ’ ಇನ್ನೊಂದು. ‘ಶಿಕ್ಷಕಿ ಇಲ್ಲದೆಯೂ ನಡೆಯುವ ಗುಂಪು’ ಮತ್ತೊಂದು. ‘ಹಾಗೇ ಕೂತಿರ್ತಾರೆ’ ಎಂಬುದನ್ನು ಶಿಕ್ಷಕಿಯ ಬಾಯಿಂದ ಬಂದ ರೂಪದಲ್ಲೇ ಕೋಡ್ ಆಗಿ ಇಟ್ಟುಕೊಳ್ಳಬಹುದು, ಏಕೆಂದರೆ ಅದನ್ನು ‘ಕಲಿಕಾ ವ್ಯತ್ಯಯ’ ಎಂದು ತಿದ್ದಿದ ಕೂಡಲೇ ಮಕ್ಕಳು ಮಾಯವಾಗಿಬಿಡುತ್ತಾರೆ. ಸಂದರ್ಶನ ಕನ್ನಡದಲ್ಲಿ ನಡೆದಿದ್ದರೆ ಕೋಡಿಂಗ್ ಕೂಡ ಕನ್ನಡದ ಬರಹದ ಮೇಲೆಯೇ ನಡೆಯಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ. ಪ್ರಬಂಧ ಇಂಗ್ಲಿಷಿನಲ್ಲಿದ್ದರೆ ಕೊನೆಗೆ ಉಲ್ಲೇಖಿಸುವ ಭಾಗಗಳನ್ನಷ್ಟೇ ಅನುವಾದಿಸಿದರೆ ಸಾಕು. ಧ್ವನಿಮುದ್ರಿಕೆ ಕೇಳುತ್ತಲೇ ನೇರವಾಗಿ ಇಂಗ್ಲಿಷಿಗೆ ಇಳಿಸಿಬಿಟ್ಟರೆ, ವಿಶ್ಲೇಷಣೆಯ ಬಹುಪಾಲು ಯಾರ ಕಣ್ಣಿಗೂ ಬೀಳದೆ ಆ ಟೈಪಿಂಗಿನಲ್ಲೇ ಮುಗಿದುಹೋಗಿರುತ್ತದೆ.

ಈಗ ಕೋಡ್‌ನಿಂದ ಥೀಮ್‌ಗೆ ಹೋಗುವ ದಾರಿ. ಹೆಚ್ಚಿನ ಪ್ರಬಂಧಗಳು ಎಡವುವುದು ಇಲ್ಲಿ. ಸಂದರ್ಶನದ ಪ್ರಶ್ನಾವಳಿಯಲ್ಲಿ ತರಬೇತಿ, ಸಾಮಗ್ರಿ, ಸಮಯ, ಪೋಷಕರು, ಮೇಲ್ವಿಚಾರಣೆ ಎಂಬ ಐದು ಭಾಗಗಳಿದ್ದವು ಎನ್ನಿ. ಪ್ರಬಂಧದ ಕೊನೆಯಲ್ಲಿ ‘ತರಬೇತಿಯ ಸವಾಲುಗಳು’, ‘ಸಾಮಗ್ರಿಯ ಸವಾಲುಗಳು’ ಎಂದು ಐದು ಥೀಮ್‌ಗಳು ಬರುತ್ತವೆ. ಕೇಳಿದ ಪ್ರಶ್ನೆಗಳೇ ಉತ್ತರದ ಬಟ್ಟೆ ತೊಟ್ಟು ವಾಪಸು ಬಂದಿವೆ. ಇದು 2006ರ ಲೇಖನದಲ್ಲಿಯೇ ಎಚ್ಚರಿಸಿದ ದೋಷ. ಪ್ರಶ್ನಾವಳಿಯನ್ನು ಪಕ್ಕದಲ್ಲಿಟ್ಟುಕೊಂಡು ಥೀಮ್‌ಗಳ ಪಟ್ಟಿಯನ್ನು ಓದಿದರೆ ಪರೀಕ್ಷಕರಿಗೆ ಐದು ನಿಮಿಷದಲ್ಲಿ ತಿಳಿಯುತ್ತದೆ.

ನಮ್ಮ ಉದಾಹರಣೆಯಲ್ಲಿ ‘ಸಮಯದ ಕೊರತೆ’ ಎಂಬ ಕಟ್ಟಿನಲ್ಲಿ ಬಂದು ಬಿದ್ದ ಮಾತುಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ಓದಬೇಕು. ಓದಿದಾಗ ಅವು ಒಂದೇ ಜಾತಿಯವಲ್ಲ ಎಂದು ಕಾಣುತ್ತದೆ. ಕೆಲವರು ಪಠ್ಯ ಹೆಚ್ಚಾಯಿತು ಎನ್ನುತ್ತಾರೆ. ಕೆಲವರು ಮಕ್ಕಳು ತಡವಾಗಿ ಬರುತ್ತಾರೆ ಎನ್ನುತ್ತಾರೆ. ಇನ್ನು ಕೆಲವರ ದೂರು ಪೂರ್ತಿ ಬೇರೆ: ಪಾಠ ನಡೆಯುತ್ತಿರುವಾಗ ಯಾರೋ ಕರೆಯುತ್ತಾರೆ, ಎದ್ದು ಹೋಗಬೇಕು. ಈ ಮೂರನೆಯ ಬಗೆಯ ಮಾತುಗಳನ್ನು ಪ್ರತ್ಯೇಕಿಸಿದಾಗ, ಅವುಗಳ ಪಕ್ಕದಲ್ಲಿ ಗುಂಪುಗಳ ಬಗೆಗಿನ ಕೋಡ್‌ಗಳು ಮತ್ತೆ ಮತ್ತೆ ಬರುವುದು ಗಮನಕ್ಕೆ ಬರುತ್ತದೆ. ಶಿಕ್ಷಕಿ ಎದ್ದು ಹೋದಾಗ ಸ್ವಕಲಿಕೆಯ ಗುಂಪು ನಡೆಯುತ್ತಲೇ ಇರುತ್ತದೆ, ಅವರ ಬಳಿ ಕೂತ ಗುಂಪು ನಿಲ್ಲುತ್ತದೆ. ಪ್ರಶ್ನಾವಳಿಯ ಎರಡು ಬೇರೆ ಭಾಗಗಳಿಗೆ ಬಂದ ಉತ್ತರಗಳು ಇಲ್ಲಿ ಒಂದಾಗುತ್ತಿವೆ. ಥೀಮ್ ಹುಟ್ಟುವುದು ಇಂಥ ಕೂಡುವಿಕೆಯಲ್ಲಿ. ಅದನ್ನು ಒಂದು ಪೂರ್ಣ ವಾಕ್ಯವಾಗಿ ಬರೆಯಲು ಪ್ರಯತ್ನಿಸಬೇಕು: ‘ಪಾಠದ ಹೊತ್ತಿನ ಮೇಲೆ ಬೇರೆಯವರಿಗೆ ಮೊದಲ ಹಕ್ಕಿದೆ, ಅದರ ನಷ್ಟವನ್ನು ಶಿಕ್ಷಕಿಯ ಬಳಿ ಕೂತ ಮಕ್ಕಳು ಹೊರುತ್ತಾರೆ.’ ಕ್ರಿಯಾಪದವಿಲ್ಲದ ಥೀಮ್ ಇನ್ನೂ ಥೀಮ್ ಆಗಿಲ್ಲ ಎಂದೇ ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ‘ಸಮಯದ ಕೊರತೆ’ಯನ್ನು ಯಾರೂ ಅಲ್ಲಗಳೆಯಲಾರರು. ಮೇಲಿನ ವಾಕ್ಯವನ್ನು ಅಲ್ಲಗಳೆಯಬಹುದು. ಹಾಗೆ ಅಲ್ಲಗಳೆಯಲು ಬರುವುದರಿಂದಲೇ ಅದನ್ನು ಪರೀಕ್ಷಿಸಲೂ ಬರುತ್ತದೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ಥೀಮ್ ಸಂಶೋಧಕರು ಕಟ್ಟುವಂಥದ್ದಾದರೆ ಮನಸ್ಸಿಗೆ ಬಂದದ್ದನ್ನು ಕಟ್ಟಬಹುದಲ್ಲ? ಇದಕ್ಕೆ ಬಹಳಷ್ಟು ಮಾರ್ಗದರ್ಶಕರು ಕೊಡುವ ಪರಿಹಾರವೆಂದರೆ ಇಬ್ಬರು ಕೋಡ್ ಮಾಡಿ, ಅವರ ಒಮ್ಮತವನ್ನು ಅಂಕಿಯಲ್ಲಿ ತೋರಿಸುವುದು. ಜೇಕಬ್ ಕೋಹೆನ್ 1960ರಲ್ಲಿ ಮುಂದಿಟ್ಟ ಕಪ್ಪಾ ಎಂಬ ಅಳತೆಯನ್ನು ಇದಕ್ಕೆ ಬಳಸುತ್ತಾರೆ. ಆಕಸ್ಮಿಕವಾಗಿ ಆಗಬಹುದಾದ ಒಮ್ಮತವನ್ನು ಕಳೆದು ಉಳಿದದ್ದನ್ನು ಅದು ಅಳೆಯುತ್ತದೆ. ಮಾತಿನ 100 ತುಣುಕುಗಳಿವೆ, ಒಂದು ಕೋಡ್ ಅನ್ವಯಿಸುತ್ತದೋ ಇಲ್ಲವೋ ಎಂದು ಇಬ್ಬರು ನಿರ್ಧರಿಸುತ್ತಾರೆ ಎನ್ನಿ. 8ಕ್ಕೆ ಇಬ್ಬರೂ ಹೌದು ಎಂದರು, 80ಕ್ಕೆ ಇಬ್ಬರೂ ಇಲ್ಲ ಎಂದರು, ಉಳಿದ 12ರಲ್ಲಿ ತಲಾ 6ಕ್ಕೆ ಒಬ್ಬೊಬ್ಬರೇ ಹೌದು ಎಂದರು. ಒಮ್ಮತ ಶೇ. 88. ಆದರೆ ಇಬ್ಬರೂ ಶೇ. 14ರಷ್ಟು ತುಣುಕುಗಳಿಗೆ ಮಾತ್ರ ಹೌದು ಎನ್ನುವವರಾದ್ದರಿಂದ, ಕಣ್ಣುಮುಚ್ಚಿ ಗುರುತು ಹಾಕಿದರೂ ಶೇ. 76ರಷ್ಟು ಒಮ್ಮತ ಬರುತ್ತಿತ್ತು. ಲೆಕ್ಕ ಹೀಗೆ:

```
κ = (0.88 − 0.76) / (1 − 0.76) = 0.50
```

ಶೇ. 88 ಎಂದು ಬರೆದರೆ ಭರವಸೆ ಮೂಡುತ್ತದೆ, 0.50 ಎಂದರೆ ಹುಬ್ಬು ಮೇಲೇರುತ್ತದೆ. ಎರಡೂ ಒಂದೇ ಕೆಲಸದ ಅಂಕಿಗಳು. ಶೇಕಡಾವಾರು ಒಮ್ಮತವನ್ನಷ್ಟೇ ಕೊಡುವ ಪ್ರಬಂಧವನ್ನು ನಂಬಬಾರದು ಎಂಬುದು ಇದರಿಂದ ತಿಳಿಯುತ್ತದೆ. ಆದರೆ ನನ್ನ ತಕರಾರು ಇನ್ನೂ ಮೂಲಭೂತವಾದದ್ದು. ಇಬ್ಬರ ನಡುವೆ ಸುಲಭವಾಗಿ ಒಮ್ಮತ ಮೂಡುವುದು ತೆಳುವಾದ ಕೋಡ್‌ಗಳ ವಿಷಯದಲ್ಲಿ. ‘ಸಮಯದ ಕೊರತೆ’ ಎಂಬುದಕ್ಕೆ ಕಪ್ಪಾ ತುಂಬಾ ಮೇಲಿರುತ್ತದೆ, ಏಕೆಂದರೆ ಟೈಮು ಎಂಬ ಮಾತು ಕಂಡಲ್ಲೆಲ್ಲ ಇಬ್ಬರೂ ಗುರುತು ಹಾಕುತ್ತಾರೆ. ‘ಶಿಕ್ಷಕಿಯ ಗೈರಿನ ನಷ್ಟ ಯಾವ ಗುಂಪಿಗೆ’ ಎಂಬ ಕೋಡ್‌ಗೆ ನಲಿ-ಕಲಿ ತರಗತಿಯ ಒಳಗುಟ್ಟು ತಿಳಿದಿರಬೇಕು, ಇಡೀ ಸಂದರ್ಶನ ನೆನಪಿರಬೇಕು. ಎರಡು ದಿನದ ಮಟ್ಟಿಗೆ ನೆರವಿಗೆ ಬಂದ ಗೆಳತಿಗೆ ಅದು ಕಾಣದಿದ್ದರೆ ಅದು ಕೋಡ್‌ನ ದೋಷವೆನ್ನಲಾಗದು. ಅಂಕಿ ಏರಿಸುವ ಒತ್ತಡದಲ್ಲಿ ಸಂಶೋಧಕರು ಒಳ್ಳೆಯ ಕೋಡ್‌ಗಳನ್ನು ಕೈಬಿಟ್ಟು ತಲೆಬರಹಗಳಿಗೆ ಮರಳುತ್ತಾರೆ. ಮೊದಲೇ ಸಿದ್ಧಪಡಿಸಿದ ಕೋಡ್ ಪಟ್ಟಿಯನ್ನು ಹಲವರು ಹಂಚಿಕೊಂಡು ನೂರಾರು ಉತ್ತರಗಳಿಗೆ ಹಚ್ಚುವ ಅಧ್ಯಯನಕ್ಕೆ ಕಪ್ಪಾ ಬೇಕು. ಒಬ್ಬರೇ ಆಳವಾಗಿ ಓದಿ ಅರ್ಥ ಕಟ್ಟುವ ಪ್ರಬಂಧಕ್ಕೆ ಅದನ್ನು ಅಂಟಿಸುವುದು ಎರಡು ಬೇರೆ ನಂಬಿಕೆಗಳನ್ನು ಒಂದೇ ಅಧ್ಯಾಯದಲ್ಲಿ ಗೊತ್ತಿಲ್ಲದೆ ಕಲಸಿದಂತೆ.

ಹಾಗಾದರೆ ಸ್ವೇಚ್ಛೆಗೆ ಕಡಿವಾಣ ಯಾವುದು? ತನ್ನ ವಾದವನ್ನು ಮುರಿಯಬಲ್ಲ ಮಾತನ್ನು ತಾನೇ ಹುಡುಕಿಕೊಂಡು ಹೋಗುವುದು. ಮೇಲಿನ ವಾಕ್ಯವನ್ನು ಕೈಯಲ್ಲಿ ಹಿಡಿದು 14 ಸಂದರ್ಶನಗಳನ್ನೂ ಮೊದಲಿನಿಂದ ಓದಬೇಕು. ಕೋಡ್ ಮಾಡಿದ ತುಣುಕುಗಳನ್ನು ಮಾತ್ರ ಓದಿದರೆ ಸಾಲದು, ಬಿಟ್ಟುಹೋದ ಭಾಗಗಳನ್ನೂ ಓದಬೇಕು. ಅಂಥ ಓದಿನಲ್ಲಿ ಏಕೋಪಾಧ್ಯಾಯ ಶಾಲೆಯ ಒಬ್ಬ ಶಿಕ್ಷಕಿ ಸಿಗುತ್ತಾರೆ ಎಂದುಕೊಳ್ಳಿ. ಮುಖ್ಯ ಶಿಕ್ಷಕರ ಪ್ರಭಾರವೂ ಅವರದೇ, ಬಿಸಿಯೂಟದ ಲೆಕ್ಕವೂ ಅವರದೇ. ಎಲ್ಲರಿಗಿಂತ ಹೆಚ್ಚು ಕಾಗದಪತ್ರ ಅವರಿಗೇ ಇದೆ. ಆದರೂ ಅವರು ಹೀಗೆನ್ನುತ್ತಾರೆ: “ಬಿಸಿಯೂಟದ ಲೆಕ್ಕ ದಿನಾ ಇರೋದೇ. ಮಕ್ಕಳು ಊಟ ಮಾಡೋವಾಗ ಬರ್ಕೋತೀನಿ. ಅದ್ರಿಂದ ಪಾಠಕ್ಕೇನೂ ತೊಂದ್ರೆ ಇಲ್ಲ.” ಇದೂ ಉದಾಹರಣೆಗಾಗಿ ಕಟ್ಟಿದ್ದೇ.

ಈ ಮಾತು ನಮ್ಮ ಥೀಮ್‌ಗೆ ಸರಿಹೊಂದುವುದಿಲ್ಲ. ‘ಒಬ್ಬರು ಮಾತ್ರ ಭಿನ್ನ ಅಭಿಪ್ರಾಯ ವ್ಯಕ್ತಪಡಿಸಿದರು’ ಎಂದು ಒಂದು ಸಾಲು ಬರೆದು ಮುಂದೆ ಹೋಗುವುದು ಸಾಮಾನ್ಯ ರೂಢಿ. ಹಾಗೆ ಮಾಡಿದರೆ ಅತ್ಯಂತ ಬೆಲೆಬಾಳುವ ಸಂದರ್ಶನವನ್ನು ಕಸದ ಬುಟ್ಟಿಗೆ ಹಾಕಿದಂತಾಗುತ್ತದೆ. ಕಾಗದದ ಕೆಲಸ ಅವರಿಗೆ ಹೆಚ್ಚೇ ಇದ್ದರೂ ಪಾಠ ಕೆಡುತ್ತಿಲ್ಲವೆಂದರೆ, ಕೆಡಿಸುವುದು ಕೆಲಸದ ಪ್ರಮಾಣವಲ್ಲ ಎಂದಾಯಿತು. ಬಿಸಿಯೂಟದ ಲೆಕ್ಕ ದಿನಾ ಬರುತ್ತದೆ, ಹೊತ್ತು ಗೊತ್ತಿರುತ್ತದೆ, ಅದಕ್ಕೆ ಜಾಗ ಮಾಡಿಕೊಳ್ಳಬಹುದು. ‘ಹನ್ನೊಂದು ಗಂಟೆ ಒಳಗೆ’ ಎಂಬ ಸಂದೇಶಕ್ಕೆ ಹೊತ್ತುಗೊತ್ತಿಲ್ಲ. ಈಗ ಮತ್ತೆ ಮೊದಲ ಶಿಕ್ಷಕಿಯ ಮಾತಿಗೆ, ಉಳಿದವರ ಮಾತಿಗೆ ಹೋಗಿ ನೋಡಬೇಕು: ಅವರು ದೂರಿದ್ದು ಕೆಲಸವನ್ನೋ, ಹೇಳದೆ ಬರುವ ಕೆಲಸವನ್ನೋ? ಎರಡನೆಯದೇ ಆಗಿದ್ದರೆ ಥೀಮ್‌ನ ವಾಕ್ಯ ಬದಲಾಗುತ್ತದೆ. ‘ಮುನ್ಸೂಚನೆಯಿಲ್ಲದೆ ಬರುವ ಆದೇಶಗಳು ಪಾಠದ ಹೊತ್ತನ್ನು ಒಡೆಯುತ್ತವೆ, ಒಡೆದಾಗ ಶಿಕ್ಷಕಿಯ ನೆರವು ಬೇಕಾದ ಮಕ್ಕಳ ಕಲಿಕೆ ನಿಲ್ಲುತ್ತದೆ.’ ಈ ವಾಕ್ಯ ಮೊದಲಿನದಕ್ಕಿಂತ ಕಿರಿದು, ಆದ್ದರಿಂದಲೇ ಹೆಚ್ಚು ನಿಜ. ಶಿಕ್ಷಕರಿಗೆ ಕೆಲಸ ಹೆಚ್ಚು ಎಂಬ ಎಲ್ಲರಿಗೂ ಗೊತ್ತಿರುವ ಮಾತಿನಿಂದ ಅದು ದೂರ ಬಂದಿದೆ. ಇಲಾಖೆಯವರು ಓದಿದರೂ ಏನು ಮಾಡಬಹುದು ಎಂದು ತಿಳಿಯುತ್ತದೆ. ಹೊಂದದ ಒಂದು ಸಂದರ್ಶನ ಮಾಡಿದ ಈ ಕೆಲಸವನ್ನು ಯಾವ ಕಪ್ಪಾವೂ ಮಾಡಲಾರದು.

ತಂತ್ರಾಂಶಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎನ್‌ವಿವೋ, ಅಟ್ಲಾಸ್, ಉಚಿತವಾಗಿ ಸಿಗುವ ಟ್ಯಾಗೆಟ್, ಯಾವುದಾದರೂ ಸರಿ. ಅವು ಕಪಾಟುಗಳು, ಇಟ್ಟದ್ದನ್ನು ತೆಗೆದುಕೊಡುತ್ತವೆ. ಹದಿನಾಲ್ಕು ಸಂದರ್ಶನಗಳಿಗೆ ಎಕ್ಸೆಲ್ ಹಾಳೆಯೂ ಸಾಕು. ಅವುಗಳಲ್ಲಿರುವ ಪದ ಎಣಿಕೆಯ ಸೌಲಭ್ಯವನ್ನು ಮಾತ್ರ ಕನ್ನಡದ ಬರಹದ ಮೇಲೆ ನಂಬಿ ಕೂರಬಾರದು. ವಿಭಕ್ತಿ ಸೇರಿದಾಗ ಒಂದೇ ಪದ ಹತ್ತು ಪದಗಳಾಗಿ ಎಣಿಕೆಗೆ ಬರುತ್ತದೆ.

ಇನ್ನು ಇದೆಲ್ಲ ವಿಧಾನದ ಅಧ್ಯಾಯದಲ್ಲಿ ಹೇಗೆ ಬರಬೇಕು? ಬ್ರೌನ್ ಮತ್ತು ಕ್ಲಾರ್ಕ್ ಅವರ ಆರು ಹಂತಗಳ ವಿವರಣೆಗೆ ಅರ್ಧ ಪುಟ ಸಾಕು, ಅದನ್ನು ಎಲ್ಲರೂ ಓದಿದ್ದಾರೆ. ಉಳಿದ ಪುಟಗಳಲ್ಲಿ ಒಂದೇ ಒಂದು ಥೀಮ್‌ನ ಕಥೆಯನ್ನು ಪೂರ್ತಿಯಾಗಿ ಹೇಳಬೇಕು. ಅದಕ್ಕೆ ಸಾಮಗ್ರಿ ಬೇಕೆಂದರೆ ಕೋಡಿಂಗ್ ನಡೆಯುವಾಗಲೇ ತಾರೀಖು ಹಾಕಿ ಟಿಪ್ಪಣಿ ಬರೆದಿಟ್ಟಿರಬೇಕು. ಆರು ತಿಂಗಳ ನಂತರ ನೆನಪಿನಿಂದ ಬರೆದ ಕಥೆ ಇದ್ದದ್ದಕ್ಕಿಂತ ಅಚ್ಚುಕಟ್ಟಾಗಿಬಿಡುತ್ತದೆ. ಅಂಥ ಟಿಪ್ಪಣಿಗಳಿದ್ದರೆ ಅಧ್ಯಾಯದ ಒಂದು ಪ್ಯಾರಾ ಹೀಗಿರಬಹುದು:

“ಮೊದಲ ಸುತ್ತಿನಲ್ಲಿ ‘ಸಮಯದ ಕೊರತೆ’ ಎಂಬ ಕೋಡ್ ಬಳಸಿದ್ದೆ. ಅದರಡಿ ಬಂದ ಮಾತುಗಳನ್ನು ಒಟ್ಟಿಗೆ ಓದಿದಾಗ ಮೂರು ಬೇರೆ ಬೇರೆ ದೂರುಗಳು ಬೆರೆತಿರುವುದು ಕಂಡು ಅದನ್ನು ಒಡೆದೆ. ಅವುಗಳಲ್ಲಿ ‘ಪಾಠ ಅರ್ಧಕ್ಕೆ ಬಿಡುವುದು’ ಎಂಬ ಕೋಡ್ ಗುಂಪು ವ್ಯವಸ್ಥೆಯ ಕೋಡ್‌ಗಳ ಜೊತೆಗೇ ಹೆಚ್ಚಾಗಿ ಬಂದದ್ದರಿಂದ ಎರಡನ್ನೂ ಕೂಡಿಸಿ ತಾತ್ಕಾಲಿಕ ಥೀಮ್ ರೂಪಿಸಿದೆ. ಒಂಬತ್ತನೇ ಸಂದರ್ಶನ ಇದಕ್ಕೆ ವಿರುದ್ಧವಾಗಿತ್ತು. ಅದನ್ನು ಆಧರಿಸಿ ಥೀಮ್ ಅನ್ನು ಮುನ್ಸೂಚನೆಯಿಲ್ಲದ ಆದೇಶಗಳಿಗೆ ಸೀಮಿತಗೊಳಿಸಿದೆ.”

ಇದರಲ್ಲಿ ‘ನಾನು’ ಇದೆ. ಕರ್ಮಣಿ ಪ್ರಯೋಗದಲ್ಲೇ ಬರೆಯಬೇಕೆಂದು ಒತ್ತಾಯಿಸುವ ಮಾರ್ಗದರ್ಶಕರು ಇದನ್ನು ಕೆಂಪು ಶಾಯಿಯಲ್ಲಿ ತಿದ್ದಬಹುದು. ಅವರೊಂದಿಗೆ ವಿನಯದಿಂದಲೇ ವಾದಿಸಬೇಕು, ಏಕೆಂದರೆ ನಿರ್ಧಾರ ಮಾಡಿದವರು ಯಾರೆಂದು ತಿಳಿಯದೆ ನಿರ್ಧಾರವನ್ನು ಅಳೆಯಲಾಗದು. ಸಂಶೋಧಕರು ಡಯಟ್‌ನ ಉಪನ್ಯಾಸಕರಾಗಿದ್ದರೆ ಶಿಕ್ಷಕಿಯರು ಅವರನ್ನು ಇಲಾಖೆಯ ಕಡೆಯವರೆಂದೇ ನೋಡಿರುತ್ತಾರೆ. ಆದೇಶಗಳ ಬಗ್ಗೆ ಮೆತ್ತಗೆ ಮಾತಾಡಿರುತ್ತಾರೆ, ಅಥವಾ ಮೇಲಿನವರಿಗೆ ಮುಟ್ಟಲಿ ಎಂದು ಒತ್ತಿ ಹೇಳಿರುತ್ತಾರೆ. ಎರಡೂ ಥೀಮ್‌ನ ರೂಪವನ್ನು ಬದಲಿಸುತ್ತವೆ. ಪ್ರಬಂಧದ ‘ಸಂಶೋಧಕರ ಸ್ಥಾನ’ ಎಂಬ ಭಾಗ ಹುಟ್ಟೂರು, ವಿದ್ಯಾಭ್ಯಾಸಗಳ ವಿವರದಲ್ಲಿ ಮುಗಿಯದೆ, ಈ ಪ್ರಭಾವ ಯಾವ ಮಾತಿನಲ್ಲಿ ಕಂಡಿತು ಎಂದು ತೋರಿಸಬೇಕು. ಏಕೋಪಾಧ್ಯಾಯ ಶಾಲೆಯ ಆ ಶಿಕ್ಷಕಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಹೆಸರು ಬದಲಿಸಿದರೂ ತಾಲ್ಲೂಕಿನ ಹೆಸರಿದ್ದರೆ ಅಲ್ಲಿನ ಸಿಆರ್‌ಪಿಗೆ ಅವರು ಯಾರೆಂದು ತಕ್ಷಣ ತಿಳಿಯುತ್ತದೆ. ಹೊಂದದ ಸಂದರ್ಶನದ ಬಗ್ಗೆ ವಿವರವಾಗಿ ಬರೆಯುವಾಗಲೇ ಈ ಅಪಾಯ ಹೆಚ್ಚು. ಅಂಥ ಕಡೆ ತಾಲ್ಲೂಕನ್ನು ಬಿಟ್ಟು ಜಿಲ್ಲೆಯನ್ನಷ್ಟೇ ಹೇಳುವುದು, ಹಾಗೆ ಬಿಟ್ಟಿದ್ದೇವೆ ಎಂದೂ ಹೇಳುವುದು ಒಳ್ಳೆಯದು.

ಕೊನೆಯದಾಗಿ ಥೀಮ್‌ನ ಗಡಿ. ‘ಆ ನಾಲ್ಕು ಮಕ್ಕಳು’ ಎಂದಾಗ ಶಿಕ್ಷಕಿ ಅಂದು ಹೊಸ ಹೆಜ್ಜೆಯಲ್ಲಿದ್ದ ಮಕ್ಕಳ ಬಗ್ಗೆ ಹೇಳಿದರೋ, ವರ್ಷವಿಡೀ ಆ ಗುಂಪಿನಿಂದ ಏಳಲಾಗದೆ ಉಳಿದ ಮಕ್ಕಳ ಬಗ್ಗೆ ಹೇಳಿದರೋ? ಮೊದಲನೆಯದಾದರೆ ನಷ್ಟ ಸರದಿಯಂತೆ ಎಲ್ಲ ಮಕ್ಕಳಿಗೂ ಹಂಚಿಹೋಗುತ್ತದೆ. ಎರಡನೆಯದಾದರೆ ಅದೇ ಕೆಲವರ ಮೇಲೆ ಬೀಳುತ್ತದೆ. ‘ಆ’ ಎಂದು ಬೆರಳು ತೋರಿದ್ದನ್ನು ನೋಡಿ ಎರಡನೆಯದೇ ಎಂದುಕೊಳ್ಳಲು ಮನಸ್ಸಾಗುತ್ತದೆ, ಅದರಿಂದ ಥೀಮ್‌ಗೆ ಇನ್ನೂ ಹೆಚ್ಚು ತೂಕ ಬರುತ್ತದೆ. ಆದರೆ ಸಂದರ್ಶನದಲ್ಲಿ ಅದಕ್ಕೆ ಆಧಾರವಿಲ್ಲ. ಅದನ್ನು ತಿಳಿಯಬೇಕಾದರೆ ಮತ್ತೆ ಆ ಶಿಕ್ಷಕಿಯನ್ನೇ ಕೇಳಬೇಕು, ತರಗತಿಯ ಪ್ರಗತಿ ನೋಟದಲ್ಲಿ ಆ ಮಕ್ಕಳು ಯಾವ ಮೈಲಿಗಲ್ಲಿನಲ್ಲಿ ಎಷ್ಟು ದಿನ ನಿಂತಿದ್ದಾರೆ ಎಂದು ನೋಡಬೇಕು. ಎರಡೂ ಮಾಡಲು ಆಗದಿದ್ದರೆ ಥೀಮ್‌ನ ವಾಕ್ಯದಲ್ಲಿ ‘ಶಿಕ್ಷಕಿಯ ನೆರವು ಬೇಕಾದ ಮಕ್ಕಳು’ ಎಂದಷ್ಟೇ ಬರೆದು, ‘ಹಿಂದುಳಿದ ಮಕ್ಕಳು’ ಎಂದು ಬರೆಯದಿರಬೇಕು. ಏಕೆ ಹಾಗೆ ಬರೆಯಲಿಲ್ಲ ಎಂಬುದನ್ನು ವಿಧಾನದ ಅಧ್ಯಾಯದಲ್ಲಿಯೇ ಹೇಳಬೇಕು.